ಅವಳಿ ಮರಿ ಹೊತ್ತ ಕುರಿ ಈಯುವ ಮುಂಚೆ ತಿಂಡಿ ಬಿಟ್ಟರೆ

ಪ್ರಶ್ನೆ: ನಮ್ಮದು ಶಿರಾ ತಾಲ್ಲೂಕು ಸರ್. ಶೆಡ್ಡಿನಲ್ಲಿ 22 ನಾರಿ ಸುವರ್ಣ ಮಿಶ್ರತಳಿ ಕುರಿ ಸಾಕಿದ್ದೇನೆ. ಈಯಲು ಎರಡು ವಾರ ಇದ್ದ ಒಂದು ಒಳ್ಳೆ ದಪ್ಪ ಕುರಿ ಮೂರು ದಿನ ತಿಂಡಿ ಮುಟ್ಟಲಿಲ್ಲ. ಗೋಡೆಗೆ ತಲೆ ಒತ್ತಿ ನಿಲ್ಲುತ್ತಿತ್ತು, ಕಣ್ಣು ಕಾಣದ ಹಾಗೆ ಕಂಬಕ್ಕೆ ಡಿಕ್ಕಿ ಹೊಡೆಯುತ್ತಿತ್ತು. ಐದನೇ ದಿನ ಸತ್ತಿತು. ಕೊಯ್ದು ನೋಡಿದರೆ ಹೊಟ್ಟೆಯಲ್ಲಿ ಎರಡು ಮರಿ, ಈಲಿ ಪೂರಾ ಹಳದಿ. ವಿಷದ ಸೊಪ್ಪು ತಿಂದಿದೆ ಅಂದರು. ಮರಿ ದೊಡ್ಡದಾದರೆ ಈಯಲು ಕಷ್ಟ ಅಂತ ಹಿರಿಯರು ಹೇಳಿದ್ದಕ್ಕೆ ಕೊನೇ ತಿಂಗಳು ತಿಂಡಿ ಕಡಿಮೆ ಮಾಡಿದ್ದೆ. ಈಗ ಇನ್ನೊಂದು ಗಬ್ಬದ ಕುರಿ ನಿನ್ನೆಯಿಂದ ತಿಂಡಿ ಬಿಟ್ಟಿದೆ. ಬೆಲ್ಲದ ನೀರು ಕುಡಿಸುತ್ತಿದ್ದೇನೆ. ಸಾಕಾ? ಮನೆಯಲ್ಲಿ ಎರಡು ಮೇಕೆಯೂ ಗಬ್ಬವಾಗಿವೆ, ಅವಕ್ಕೂ ಬರುತ್ತಾ?

ಉತ್ತರ: ಮೊದಲು ಈಗ ತಿಂಡಿ ಬಿಟ್ಟಿರುವ ಕುರಿಯ ವಿಷಯ. ನಾಳೆ ನೋಡೋಣ ಅನ್ನಬೇಡಿ. ನಿಮ್ಮ ಪಶು ಆಸ್ಪತ್ರೆಯ ವೈದ್ಯರಿಗೆ, ಇಲ್ಲವೇ ಸಂಚಾರಿ ಪಶು ಚಿಕಿತ್ಸಾ ಗಾಡಿಗೆ 1962ಕ್ಕೆ ಇವತ್ತೇ ಫೋನ್ ಮಾಡಿ. ಈ ಕಾಯಿಲೆಯಲ್ಲಿ ಕುರಿ ಎದ್ದು ಓಡಾಡುತ್ತಿರುವಾಗ ಚಿಕಿತ್ಸೆ ಸಿಕ್ಕರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಮಲಗಿ ಏಳದ ಸ್ಥಿತಿಗೆ ಬಂದ ಮೇಲೆ ಎಷ್ಟು ಬಾಟಲಿ ಹಾಕಿದರೂ ಹೆಚ್ಚಿನವು ಉಳಿಯುವುದಿಲ್ಲ. ನಿಮ್ಮ ಮೊದಲ ಕುರಿ ತಿಂಡಿ ಬಿಟ್ಟ ಮೊದಲ ಎರಡು ದಿನವೇ ಅದನ್ನು ಉಳಿಸಿಕೊಳ್ಳುವ ಕಾಲವಾಗಿತ್ತು.

ವೈದ್ಯರು ಬರುವಷ್ಟರಲ್ಲಿ ನೀವೇ ಒಂದು ಪರೀಕ್ಷೆ ಮಾಡಬಹುದು. ಮೆಡಿಕಲ್ ಶಾಪಿನಲ್ಲಿ ಸಕ್ಕರೆ ಕಾಯಿಲೆಯವರು ಮೂತ್ರ ನೋಡಿಕೊಳ್ಳುವ ಕೀಟೋನ್ ಪಟ್ಟಿ ಸಿಗುತ್ತದೆ. ಒಬ್ಬರು ಕುರಿಯ ಮೂಗಿನ ಎರಡೂ ಹೊಳ್ಳೆಗಳನ್ನು ಕೈಯಿಂದ ಮುಚ್ಚಿ ಹಿಡಿಯಲಿ, ಇನ್ನೊಬ್ಬರು ಹಿಂದೆ ಲೋಟ ಹಿಡಿದು ಕೂರಲಿ. ಅರ್ಧ ನಿಮಿಷದೊಳಗೆ ಕುರಿ ಒದ್ದಾಡಿ ಉಚ್ಚೆ ಹೊಯ್ಯುತ್ತದೆ. ಹೊಯ್ದ ತಕ್ಷಣ ಕೈ ಬಿಡಿ. ಹೊಯ್ಯದಿದ್ದರೂ ಅದಕ್ಕಿಂತ ಹೆಚ್ಚು ಹೊತ್ತು ಮುಚ್ಚಬೇಡಿ. ತುಂಬಾ ಸುಸ್ತಾಗಿ ಉಸಿರಿಗೆ ಕಷ್ಟಪಡುತ್ತಿರುವ ಕುರಿಗಂತೂ ಈ ಉಪಾಯವೇ ಬೇಡ. ಮೇಕೆಯಲ್ಲಿ ಇದು ನಡೆಯುವುದಿಲ್ಲ. ಬೆಳಿಗ್ಗೆ ಮಲಗಿದ್ದ ಮೇಕೆಯನ್ನು ಎಬ್ಬಿಸಿದ ಕೂಡಲೇ ಅದೇ ಹೊಯ್ಯುತ್ತದೆ, ಆಗ ಹಿಡಿಯಬೇಕು. ಪಟ್ಟಿಯನ್ನು ಅದ್ದಿ, ಡಬ್ಬಿಯ ಮೇಲೆ ಬರೆದಿರುವಷ್ಟು ಸೆಕೆಂಡು ಬಿಟ್ಟು ಬಣ್ಣ ನೋಡಿ. ಬಣ್ಣ ಹಾಗೇ ಇದ್ದರೆ ಬೇರೆ ಕಾರಣ ಹುಡುಕಬೇಕು. ನೇರಳೆಗೆ ತಿರುಗಿದರೆ ಕುರಿ ತನ್ನ ಕೊಬ್ಬನ್ನೇ ಕರಗಿಸಿಕೊಂಡು ಬದುಕುತ್ತಿದೆ ಅಂತ ಅರ್ಥ. ಬದನೆಕಾಯಿ ಬಣ್ಣಕ್ಕೆ ಬಂದರೆ ಕಾಯಿಲೆ ಜೋರಾಗಿದೆ.

ಇದನ್ನು ನಾವು ಗರ್ಭದ ಕೀಟೋಸಿಸ್ ಅಥವಾ ಗರ್ಭದ ನಂಜು ಅನ್ನುತ್ತೇವೆ. ನಂಜು ಅಂದ ಮಾತ್ರಕ್ಕೆ ಹೊರಗಿನಿಂದ ಏನೋ ವಿಷ ಹೋಗಿದೆ ಅಂದುಕೊಳ್ಳಬೇಡಿ. ನಿಮ್ಮ ಕುರಿ ವಿಷದ ಸೊಪ್ಪು ತಿಂದಿದ್ದರೆ ಜೊತೆಗೆ ಮೇಯ್ದ ಇನ್ನೂ ಕೆಲವು ಮಲಗುತ್ತಿದ್ದವು. ಟಗರು, ಮರಿ, ಗಬ್ಬವಾಗದ ಕುರಿ ಅಂತ ವಿಷಕ್ಕೆ ಭೇದ ಇಲ್ಲ. ಈಲಿ ಹಳದಿಯಾಗಿದ್ದನ್ನು ನೋಡಿ ನಿಮಗೆ ಅನುಮಾನ ಬಂದಿದ್ದು ಸಹಜ, ಯಾಕೆಂದರೆ ಲಂಟಾನ ತಿಂದ ಕುರಿಯಲ್ಲೂ ಈಲಿ ಕೆಡುತ್ತದೆ. ಆದರೆ ಲಂಟಾನದಲ್ಲಿ ಕಣ್ಣಿನ ಬಿಳಿಭಾಗ, ವಸಡು ಎಲ್ಲಾ ಅರಿಶಿನ ಬಣ್ಣಕ್ಕೆ ತಿರುಗುತ್ತವೆ, ಬಿಸಿಲಿಗೆ ಮೂಗು ಕಿವಿಯ ಚರ್ಮ ಸುಲಿಯುತ್ತದೆ. ಗರ್ಭದ ನಂಜಿನಲ್ಲಿ ಕಾಮಾಲೆಯ ಬಣ್ಣ ಸಾಮಾನ್ಯವಾಗಿ ಇರುವುದಿಲ್ಲ. ಈಲಿ ಮಾತ್ರ ಊದಿಕೊಂಡು, ಮಾಸಲು ಹಳದಿಯಾಗಿ, ಬೆರಳಿಟ್ಟು ಒತ್ತಿದರೆ ಪುಡಿಪುಡಿಯಾಗುತ್ತದೆ. ಕೊಯ್ದ ಚಾಕು ಜಿಡ್ಡು ಜಿಡ್ಡಾಗಿರುತ್ತದೆ. ಅದು ಈಲಿಯಲ್ಲಿ ತುಂಬಿಕೊಂಡ ಕೊಬ್ಬು.

ಆ ಕೊಬ್ಬು ಅಲ್ಲಿಗೆ ಹೇಗೆ ಬಂತು ಅನ್ನುವುದು ಗೊತ್ತಾದರೆ ಮಿಕ್ಕಿದ್ದೆಲ್ಲ ಸುಲಭ. ಕುರಿ ಐದು ತಿಂಗಳು ಗಬ್ಬ, ಸುಮಾರು 147ರಿಂದ 150 ದಿನ. ಮೊದಲ ಮೂರೂವರೆ ತಿಂಗಳು ಮರಿ ತುಂಬಾ ಚಿಕ್ಕದು, ತಾಯಿಗೆ ಅಂಥ ಹೊರೆಯೇ ಅಲ್ಲ. ಹುಟ್ಟುವಾಗ ಇರುವ ತೂಕದಲ್ಲಿ ಶೇಕಡಾ 70ಕ್ಕಿಂತ ಜಾಸ್ತಿ ಬೆಳೆಯುವುದು ಕೊನೆಯ ಆರು ವಾರಗಳಲ್ಲಿ. ಮರಿಗೆ ಬೇಕಿರುವುದು ಗ್ಲೂಕೋಸ್. ತಾಯಿಯ ರಕ್ತದಲ್ಲಿ ಇದ್ದರೂ ಇಲ್ಲದಿದ್ದರೂ ಅದು ಎಳೆದುಕೊಳ್ಳುತ್ತಲೇ ಇರುತ್ತದೆ. ಎರಡು ಮರಿ ಇದ್ದರೆ ಎಳೆತವೂ ಹೆಚ್ಚು. ಇದೇ ಸಮಯದಲ್ಲಿ ಗರ್ಭಕೋಶ ದೊಡ್ಡದಾಗಿ ಮೇವಿನ ಹೊಟ್ಟೆಯನ್ನು ಅಮುಕುತ್ತದೆ. ಅಂದರೆ ಜಾಸ್ತಿ ತಿನ್ನಬೇಕಾದ ಹೊತ್ತಿನಲ್ಲೇ ಹೊಟ್ಟೆಯೊಳಗೆ ಜಾಗ ಕಡಿಮೆ. ರಾಗಿ ಹುಲ್ಲಿನಂಥ ಒಣ ಮೇವನ್ನು ಎಷ್ಟು ತುಂಬಿಕೊಂಡರೂ ಲೆಕ್ಕ ಸರಿಹೋಗುವುದಿಲ್ಲ.

ಸಾಲದ್ದನ್ನು ಕುರಿ ಮೈಮೇಲಿನ ಕೊಬ್ಬಿನಿಂದ ತುಂಬಿಕೊಳ್ಳಲು ನೋಡುತ್ತದೆ. ಸ್ವಲ್ಪ ಆದರೆ ತೊಂದರೆ ಇಲ್ಲ. ಒಮ್ಮೆಗೇ ಕರಗತೊಡಗಿದರೆ ಆ ಕೊಬ್ಬೆಲ್ಲ ಈಲಿಗೆ ಬಂದು ಬೀಳುತ್ತದೆ. ಈಲಿ ಅದನ್ನು ಪೂರ್ತಿ ಸುಡಲಾರದೆ ಅರ್ಧಂಬರ್ಧ ಸುಟ್ಟು ಕೀಟೋನ್ ಮಾಡಿ ರಕ್ತಕ್ಕೆ ಬಿಡುತ್ತದೆ. ಕೀಟೋನ್ ಹೆಚ್ಚಾದರೆ ಹಸಿವು ಸಾಯುತ್ತದೆ. ಹಸಿವು ಸತ್ತರೆ ಇನ್ನೂ ಕೊಬ್ಬು ಕರಗುತ್ತದೆ. ಈ ಸುತ್ತು ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದಿಲ್ಲ. ಮಿದುಳಿಗೆ ಗ್ಲೂಕೋಸ್ ಸಿಗದೆ ಕುರಿ ಕುರುಡಾದಂತೆ ಆಡುತ್ತದೆ. ನೀವು ಕಂಡ ಗೋಡೆಗೆ ತಲೆ ಒತ್ತುವುದು, ಕಂಬಕ್ಕೆ ಡಿಕ್ಕಿ ಹೊಡೆಯುವುದು ಎರಡೂ ಅದೇ.

ಇಲ್ಲಿ ಒಂದು ವಿಚಿತ್ರ ನೋಡಿ. ಬಡಕಲು ಕುರಿಗೆ ಈ ಕಾಯಿಲೆ ಬರುವುದು ಯಾರಿಗೂ ಆಶ್ಚರ್ಯ ಅನ್ನಿಸುವುದಿಲ್ಲ. ಆದರೆ ಶೆಡ್ಡಿನಲ್ಲಿ ಸಾಕುವವರ ಹತ್ತಿರ ನಾನು ಜಾಸ್ತಿ ನೋಡಿರುವುದು ದಪ್ಪ ಕುರಿಯಲ್ಲೇ, ಅದೂ ಹಿಂಡಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿದೆ ಅಂತ ಯಜಮಾನರು ತೋರಿಸುವ ಕುರಿಯಲ್ಲಿ. ಹೊಟ್ಟೆಯೊಳಗಿನ ಕೊಬ್ಬು ಕೂಡ ಜಾಗ ತಿನ್ನುತ್ತದೆ, ಆದ್ದರಿಂದ ಅದು ತಿನ್ನುವುದೇ ಕಡಿಮೆ. ಒಂದು ಹೊತ್ತು ಉಪವಾಸ ಬಿದ್ದರೆ ಕರಗಲು ಕೊಬ್ಬು ಬೇಕಾದಷ್ಟಿದೆ, ಈಲಿ ಬೇಗ ತುಂಬಿಹೋಗುತ್ತದೆ. ಆ ದಪ್ಪ ಕುರಿಗೆ ಕೊನೇ ತಿಂಗಳಲ್ಲಿ ತಿಂಡಿ ಕಡಿಮೆ ಮಾಡಿದಿರಲ್ಲ, ಅಲ್ಲಿಂದಲೇ ಶುರುವಾಗಿದೆ.

ಹಾಗಂತ ನಿಮ್ಮ ಹಿರಿಯರು ಸುಮ್ನೆ ಹೇಳಿದ್ದಲ್ಲ. ಅವರ ಕಾಲದ ಕುರಿ ಬಯಲಲ್ಲಿ ಮೇಯುತ್ತಿದ್ದ ಬಳ್ಳಾರಿ, ಡೆಕ್ಕನಿ ಕುರಿ. ಹೆಚ್ಚಾಗಿ ಒಂದೇ ಮರಿ. ಒಂಟಿ ಮರಿ ಇದ್ದು, ಮೊದಲ ಸಲ ಈಯುವ ಚಿಕ್ಕ ಕುರಿಗೆ ದೊಡ್ಡ ಟಗರು ಬಿಟ್ಟು, ಮೇಲೆ ಧಾರಾಳವಾಗಿ ತಿಂಡಿ ಹಾಕಿದರೆ ಮರಿ ಸಿಕ್ಕಿಹಾಕಿಕೊಳ್ಳುವುದು ಉಂಟು. ನಿಮ್ಮದು ಬೇರೆ ಜಾತಿ. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಬಂಗಾಳದ ಸುಂದರಬನದ ಗರೋಲ್ ಕುರಿಯ ಅವಳಿ ಗುಣವನ್ನು ಡೆಕ್ಕನಿ ಕುರಿಗೆ ತಂದು ನಾರಿ ಸುವರ್ಣ ಮಾಡಿದರು. ಆ ಗುಣದ ಜೀನ್ ಒಂದು ಪ್ರತಿ ಇದ್ದರೂ ಸಾಕು, ಹೆಚ್ಚಿನ ಕುರಿ ಎರಡು ಮರಿ ಹಾಕುತ್ತವೆ. ಅವಳಿಯಲ್ಲಿ ಒಂದೊಂದು ಮರಿಯೂ ಚಿಕ್ಕದೇ ಇರುತ್ತದೆ, ದೊಡ್ಡ ಮರಿಯ ಭಯ ಅಲ್ಲಿ ತೀರಾ ಕಡಿಮೆ. ತಿಂಡಿ ಕಿತ್ತುಕೊಂಡರೆ ಮರಿ ಇನ್ನಷ್ಟು ಬಡಕಲಾಗಿ ಎದ್ದು ನಿಲ್ಲಲಾರದೆ ಹುಟ್ಟುತ್ತದೆ, ತಾಯಿಯ ಕೆಚ್ಚಲಲ್ಲಿ ಗಿಣ್ಣು ಇರುವುದಿಲ್ಲ. ಅವಳಿ ಕುರಿ ತಂದ ಮೇಲೆ ಒಂಟಿ ಮರಿ ಕುರಿಯ ಲೆಕ್ಕದಲ್ಲಿ ಸಾಕಲಾಗದು.

ಈಗ ಬೆಲ್ಲದ ನೀರು. ಅದು ಕೆಟ್ಟದ್ದೇನಲ್ಲ, ಆದರೆ ಅದನ್ನೇ ನಂಬಿ ಕೂರಬೇಡಿ. ಮನುಷ್ಯರಲ್ಲಿ ಬೆಲ್ಲ ನೇರ ರಕ್ತಕ್ಕೆ ಹೋಗುತ್ತದೆ. ಕುರಿಯಲ್ಲಿ ಮೊದಲು ಮೇವಿನ ಹೊಟ್ಟೆಗೆ ಬೀಳುತ್ತದೆ, ಅಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಹುಳಿಯಿಸಿಬಿಡುತ್ತವೆ. ತಾಯಿಗೆ ಗ್ಲೂಕೋಸ್ ಆಗಿ ದಕ್ಕುವುದು ಸ್ವಲ್ಪವೇ. ಪಾಪ ಅಂತ ಅರ್ಧ ಕೆಜಿ ಬೆಲ್ಲ ಕದಡಿ ಕುಡಿಸಿದರೆ ಹೊಟ್ಟೆ ಹುಳಿಯಾಗಿ, ತಿನ್ನುತ್ತಿದ್ದ ನಾಲ್ಕು ಎಳೆ ಹುಲ್ಲನ್ನೂ ಬಿಡುತ್ತದೆ.

ಇದಕ್ಕೆ ಸರಿಯಾದ ಔಷಧಿ ಪ್ರೊಪಿಲೀನ್ ಗ್ಲೈಕಾಲ್. ಹಸುವಿನ ಕೀಟೋಸಿಸ್‌ಗೆ ಕುಡಿಸುವ ಸಿಹಿ ದ್ರಾವಣ ಅಂತ ಕೇಳಿದರೆ ಪಶು ಔಷಧಿ ಅಂಗಡಿಯಲ್ಲಿ ಕೊಡುತ್ತಾರೆ. ಅದರಲ್ಲಿ ಬಹುಭಾಗ ಹೊಟ್ಟೆಯಲ್ಲಿ ಹುಳಿಯದೆ ಈಲಿಗೆ ತಲುಪಿ ಗ್ಲೂಕೋಸ್ ಆಗುತ್ತದೆ. ದೊಡ್ಡ ಕುರಿಗೆ ಒಂದು ಸಲಕ್ಕೆ 60 ಮಿಲಿ, ಅಷ್ಟೇ ನೀರು ಬೆರೆಸಿ, ದಿನಕ್ಕೆ ಎರಡು ಸಲ, ಮೂರು ದಿನ. ಬೇಗ ಗುಣವಾಗಲಿ ಅಂತ ಜಾಸ್ತಿ ಹಾಕಬೇಡಿ, ಹೆಚ್ಚಾದರೆ ಅದೇ ಮಂಪರು ತರಿಸುತ್ತದೆ. ಸಿಗದಿದ್ದರೆ ಮೆಡಿಕಲ್ ಶಾಪಿನ ಶುದ್ಧ ಗ್ಲಿಸರಿನ್ ಅದೇ ಅಳತೆಯಲ್ಲಿ ಕೆಲಸಕ್ಕೆ ಬರುತ್ತದೆ. ಗಾಡಿಯ ರೇಡಿಯೇಟರಿಗೆ ಹಾಕುವ ಕೂಲೆಂಟ್ ಹೆಸರಲ್ಲೂ ಗ್ಲೈಕಾಲ್ ಅಂತ ಇರುತ್ತದೆ. ಅದು ಎಥಿಲೀನ್ ಗ್ಲೈಕಾಲ್, ಕಡುವಿಷ. ಅಪ್ಪಿತಪ್ಪಿಯೂ ಅದನ್ನು ಮುಟ್ಟಬೇಡಿ.

ಕುಡಿಸುವ ರೀತಿಯೂ ಮುಖ್ಯ. ಗೊಟ್ಟ ಹಿಡಿದು ಕುರಿಯ ಮೂತಿ ಆಕಾಶಕ್ಕೆ ಎತ್ತಿ ಸುರಿಯುವುದು ನಮ್ಮ ಕಡೆ ಅಭ್ಯಾಸ. ಹಾಗೆ ಮಾಡಿದರೆ ಅರ್ಧ ಔಷಧಿ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಮೂತಿ ನೆಲಕ್ಕೆ ಸಮವಾಗಿರಲಿ. ಸೂಜಿ ತೆಗೆದ ದೊಡ್ಡ ಸಿರಿಂಜಿನಲ್ಲಿ, ಬಾಯಿಯ ಮೂಲೆಯಿಂದ, ಗುಟುಕು ಗುಟುಕಾಗಿ ಬಿಡಿ. ಕೆಮ್ಮಿದರೆ ತಲೆ ಬಿಟ್ಟುಬಿಡಿ. ನುಂಗಲಾರದಷ್ಟು ಮಂಕಾದ ಕುರಿಗೆ ಬಾಯಿಂದ ಏನೂ ಹಾಕಬೇಡಿ.

ವೈದ್ಯರು ಬಂದರೆ ರಕ್ತನಾಳಕ್ಕೆ ಡೆಕ್ಸ್ಟ್ರೋಸ್ ಕೊಡುತ್ತಾರೆ. ಒಂದೆರಡು ಗಂಟೆಯಲ್ಲಿ ಕುರಿ ಚುರುಕಾಗುವುದನ್ನು ನೋಡಿ ಎಷ್ಟೋ ಜನ ಗುಣವಾಯಿತು ಅಂದುಕೊಂಡು ಸುಮ್ಮನಾಗುತ್ತಾರೆ. ಆ ಗ್ಲೂಕೋಸ್ ಬಹಳ ಹೊತ್ತು ಇರುವುದಿಲ್ಲ, ಆದ್ದರಿಂದ ಬಾಯಿಯ ಔಷಧಿ ನಿಲ್ಲಿಸಬಾರದು. ಜೊತೆಗೆ ಕ್ಯಾಲ್ಸಿಯಂ ಕೂಡ ಕೊಡುವುದುಂಟು. ಅದಕ್ಕೆ ಕಾರಣ ಇದೆ. ಈಯುವ ಮುಂಚೆ ಕ್ಯಾಲ್ಸಿಯಂ ಕಡಿಮೆಯಾಗಿ ಕುರಿ ಬೀಳುವುದು ಹೊರನೋಟಕ್ಕೆ ಇದೇ ತರ ಕಾಣುತ್ತದೆ, ಕೆಲವು ಸಲ ಎರಡೂ ಒಟ್ಟಿಗೆ ಇರುತ್ತವೆ. ಕ್ಯಾಲ್ಸಿಯಂ ಕೊರತೆ ಗಂಟೆಗಳಲ್ಲಿ ಬರುತ್ತದೆ: ನಡುಕ, ತೂರಾಟ, ಆಮೇಲೆ ಕುಸಿದು ಕೂರುವುದು. ಔಷಧಿ ಸರಿಯಾಗಿ ಕೊಟ್ಟರೆ ಅಷ್ಟೇ ಬೇಗ ಎದ್ದು ನಿಲ್ಲುತ್ತದೆ. ಗರ್ಭದ ನಂಜು ದಿನಗಳ ಲೆಕ್ಕದಲ್ಲಿ ಏರುತ್ತದೆ, ಇಳಿಯುವುದಕ್ಕೂ ದಿನಗಳೇ ಬೇಕು. ಜ್ವರ ಇರುವುದಿಲ್ಲ, ಥರ್ಮಾಮೀಟರ್ ಇಟ್ಟರೆ 102-103 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರುತ್ತದೆ. 105 ತೋರಿಸಿದರೆ ಬೇರೇನೋ ಸೋಂಕು ಇದೆ ಅಂತ ವೈದ್ಯರಿಗೆ ಹೇಳಿ.

ಇಷ್ಟಾದರೂ ಎರಡು ದಿನದಲ್ಲಿ ಕುರಿ ತಿನ್ನಲು ಶುರುಮಾಡದಿದ್ದರೆ ಒಂದು ತೀರ್ಮಾನ ಮಾಡಬೇಕಾಗುತ್ತದೆ. ಗ್ಲೂಕೋಸ್ ಎಳೆಯುತ್ತಿರುವುದು ಮರಿಗಳು. ಅವು ಹೊರಗೆ ಬಂದರೆ ಎಳೆತ ನಿಲ್ಲುತ್ತದೆ. ಇಂಜೆಕ್ಷನ್ ಕೊಟ್ಟು ಈಯಿಸಬಹುದು, ತುರ್ತಿದ್ದರೆ ಹೊಟ್ಟೆ ಕೊಯ್ದು ಮರಿ ತೆಗೆಯಬಹುದು. ಇಲ್ಲಿ ದಿನದ ಲೆಕ್ಕವೇ ಎಲ್ಲ. ಗಬ್ಬವಾಗಿ 140 ದಿನ ದಾಟಿದ್ದರೆ ಮರಿ ಉಳಿಯುವ ಆಸೆ ಇದೆ. 130ರ ಸುಮಾರಿಗೆ ಈಯಿಸಿದರೆ ಮರಿ ಹೋದ ಹಾಗೇ, ತಾಯಿಯನ್ನು ಉಳಿಸಿಕೊಳ್ಳುವುದಕ್ಕೆ ಮಾತ್ರ ಮಾಡಬೇಕು. ನಿಮಗೆ ಟಗರು ಬಿಟ್ಟ ದಿನ ಗೊತ್ತಿಲ್ಲದಿದ್ದರೆ ವೈದ್ಯರೂ ಅಂದಾಜಿನ ಮೇಲೆ ನಡೆಯಬೇಕಾಗುತ್ತದೆ.

ಹಿರಿಯೂರು ಕಡೆಯ ಒಂದು ಮೇಕೆಯ ವಿಷಯ ಹೇಳುತ್ತೇನೆ, ನಿಮ್ಮ ಮೇಕೆಯ ಪ್ರಶ್ನೆಗೂ ಉತ್ತರ ಸಿಗುತ್ತದೆ. ಕೊಟ್ಟಿಗೆಯಲ್ಲೇ ಮೇಯುತ್ತಿದ್ದ ಉಸ್ಮಾನಾಬಾದಿ ಮೇಕೆ, ಮೂರನೇ ಸಲದ ಗಬ್ಬ, ಮೈಕೈ ತುಂಬಿಕೊಂಡಿತ್ತು. ಜಡಿಮಳೆ ಹಿಡಿದು ಎರಡು ದಿನ ಹಸಿ ಮೇವು ಕೊಯ್ಯಲು ಆಗಿರಲಿಲ್ಲ, ನೆನೆದ ಹುಲ್ಲನ್ನು ಮೇಕೆ ಮೂಸಿ ಬಿಟ್ಟಿತ್ತು. ಮಳೆ ನಿಂತ ಮೇಲೆ ಸೊಪ್ಪು ಕಟ್ಟಿದರೂ ತಿನ್ನಲಿಲ್ಲ. ನಾನು ಹೋದಾಗ ಮೂಲೆಯಲ್ಲಿ ಒಂದೇ ನಿಂತಿತ್ತು, ಹಲ್ಲು ಕಡಿಯುತ್ತಿತ್ತು, ಕಾಲಿನ ಗೆಣ್ಣುಗಳು ಊದಿದ್ದವು. ಮೇಕೆಯಲ್ಲಿ ಕಾಲು ಊದುವುದು ಈ ಕಾಯಿಲೆಯ ಒಂದು ಗುರುತು. ಹಿಕ್ಕೆ ಸಣ್ಣ ಕಡಲೆಯಂತೆ ಒಣಗಿತ್ತು. ಬಾಯಿ ಹತ್ತಿರ ಮೂಗಿಟ್ಟರೆ ನೇಲ್ ಪಾಲಿಶ್ ಅಳಿಸುವ ದ್ರಾವಣದ ವಾಸನೆ. ಪಟ್ಟಿ ಅದ್ದಿದ್ದೇ ಕಡು ನೇರಳೆ.

ಆ ಮನೆಯವರು ಹೋತ ಬಿಟ್ಟ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದರು. ಲೆಕ್ಕ ಹಾಕಿದರೆ 139ನೇ ದಿನ. ಡೆಕ್ಸ್ಟ್ರೋಸ್, ಕ್ಯಾಲ್ಸಿಯಂ ಕೊಟ್ಟು, ಗ್ಲೈಕಾಲ್ ಕುಡಿಸಲು ಹೇಳಿ ಬಂದೆ. ಎರಡು ದಿನ ಕಳೆದರೂ ಒಂದೆರಡು ಎಲೆ ಬಿಟ್ಟರೆ ಏನೂ ತಿನ್ನಲಿಲ್ಲ, ಆದರೆ ಇನ್ನೂ ತನ್ನ ಕಾಲ ಮೇಲೆ ನಿಂತಿತ್ತು. 141ನೇ ದಿನ ಈಯಿಸುವ ಇಂಜೆಕ್ಷನ್ ಕೊಟ್ಟೆ. ಮಾರನೇ ದಿನ ಕಳೆದು ಅದರ ಮುಂದಿನ ಬೆಳಿಗ್ಗೆ ಮೂರು ಮರಿ ಹಾಕಿತು, ಒಂದು ಸತ್ತಿತ್ತು, ಎರಡು ಉಳಿದವು. ತಾಯಿ ಅವತ್ತು ಸಂಜೆಗೇ ಅಗಸೆ ಸೊಪ್ಪಿಗೆ ಬಾಯಿ ಹಾಕಿತು. ಹಾಲು ಇಳಿಯಲು ಕೆಲವು ದಿನ ಬೇಕಾಯಿತು, ಅಲ್ಲಿಯವರೆಗೆ ಬೇರೆ ಮೇಕೆಯ ಗಿಣ್ಣು, ಹಾಲನ್ನು ಬಾಟಲಿಯಲ್ಲಿ ಕುಡಿಸಿದರು. ಕಸ ಬೀಳುವುದು ತಡವಾಗಬಹುದು, ಅದನ್ನೂ ನೋಡಿಕೊಳ್ಳಬೇಕು. ತಾರೀಕು ಬರೆದಿಡದಿದ್ದರೆ ನಾನು ಆ ಇಂಜೆಕ್ಷನ್ ಕೊಡಲು ಹಿಂದೆಮುಂದೆ ನೋಡುತ್ತಿದ್ದೆ.

ಹಾಗಾಗಿ ನಿಮ್ಮ ಮೇಕೆಗೂ ಬರಬಹುದು, ಎರಡು ಮೂರು ಮರಿ ಹೊತ್ತಿದ್ದರೆ ಇನ್ನೂ ಹೆಚ್ಚು. ಇದು ಒಂದರಿಂದ ಒಂದಕ್ಕೆ ಅಂಟುವ ಕಾಯಿಲೆ ಅಲ್ಲ. ಆದರೆ ಒಂದೇ ಶೆಡ್ಡು, ಒಂದೇ ಮೇವು, ಒಂದೇ ಸಮಯಕ್ಕೆ ಗಬ್ಬ ಅಂದ ಮೇಲೆ ಒಂದಕ್ಕೆ ಬಂದಿದ್ದು ಉಳಿದವಕ್ಕೂ ಹತ್ತಿರದಲ್ಲೇ ಇದೆ. ಮಿಕ್ಕ 20 ಕುರಿಗಳ ತಿಂಡಿ ಈಗಲೇ ಸರಿ ಮಾಡಬೇಕು.

ಮೊದಲು ಒಂದೊಂದನ್ನೂ ಮುಟ್ಟಿ ನೋಡಿ. ಕಣ್ಣಲ್ಲಿ ನೋಡಿದರೆ ಉಣ್ಣೆ, ಹೊಟ್ಟೆ ಎರಡೂ ಮೋಸ ಮಾಡುತ್ತವೆ. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಬೆನ್ನುಮೂಳೆಯ ಮೇಲೆ ಕೈಯಿಟ್ಟು ಒತ್ತಿ. ಮೂಳೆಯ ತುದಿಗಳು ಚೂಪಾಗಿ ಕೈಗೆ ಚುಚ್ಚಿದರೆ ಸಣಕಲು. ಗುಂಡಗೆ, ಸ್ವಲ್ಪ ಒತ್ತಿದರೆ ಮಾತ್ರ ಸಿಕ್ಕಿದರೆ ಸರಿಯಾಗಿದೆ. ಒತ್ತಿದರೂ ಸಿಗದಿದ್ದರೆ ಕೊಬ್ಬಿದೆ. ಹೀಗೆ ಮೂರು ಗುಂಪು ಮಾಡಿ. ಸಣಕಲು ಕುರಿಗಳನ್ನು ಬೇರೆ ಕಟ್ಟಿ, ಇಲ್ಲದಿದ್ದರೆ ತೊಟ್ಟಿಯ ಹತ್ತಿರ ದಪ್ಪ ಕುರಿಗಳು ಅವನ್ನು ತಳ್ಳಿಬಿಡುತ್ತವೆ. ತಿಂಡಿ ತೊಟ್ಟಿಯಲ್ಲಿ ಒಂದು ಕುರಿಗೆ ಮೊಳದಷ್ಟು ಜಾಗ ಇದ್ದರೆ ಎಲ್ಲಕ್ಕೂ ಒಟ್ಟಿಗೆ ಬಾಯಿ ಹಾಕಲು ಆಗುತ್ತದೆ. ದಪ್ಪ ಇವೆ ಅಂತ ಕೊನೆಯ ಆರು ವಾರದಲ್ಲಿ ಇಳಿಸಲು ಹೋಗಬೇಡಿ. ಇಳಿಸುವ ಕಾಲ ಮುಗಿದಿದೆ. ಅವಕ್ಕೂ ತಿಂಡಿ ಬೇಕು, ಜೊತೆಗೆ ಬೆಳಿಗ್ಗೆ ಸಂಜೆ ತಂಪು ಹೊತ್ತಿನಲ್ಲಿ ಒಂದಿಷ್ಟು ನಡೆಸಿ.

35 ಕೆಜಿ ತೂಕದ, ಅವಳಿ ಹೊತ್ತ ಕುರಿಗೆ ಕೊನೇ ತಿಂಗಳಲ್ಲಿ ದಿನಕ್ಕೆ ನಾನು ಹೇಳುವುದು ಇಷ್ಟು: ಒಂದೂವರೆ ಕೆಜಿ ಹಸಿ ದ್ವಿದಳ ಸೊಪ್ಪು, ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ ಒಣ ಮೇವು, 350ರಿಂದ 400 ಗ್ರಾಂ ತಿಂಡಿ. ಸೊಪ್ಪಿಗೆ ಕುದುರೆ ಮೆಂತ್ಯೆ, ಬೇಲಿ ಮೆಂತ್ಯೆ, ಅಗಸೆ ಯಾವುದಾದರೂ ಸರಿ. ಒಣ ಮೇವಿಗೆ ರಾಗಿ ಹುಲ್ಲೊಂದನ್ನೇ ನೆಚ್ಚಿಕೊಳ್ಳದೆ ಶೇಂಗಾ ಬಳ್ಳಿ, ತೊಗರಿ ಹೊಟ್ಟು ಬೆರೆಸಿ. ಶಿರಾ ಕಡೆ ಶೇಂಗಾ ಬಳ್ಳಿ ಇರುವವರ ಮನೆಯಲ್ಲಿ ಅದನ್ನು ಎಮ್ಮೆಗೆ ಹಾಕಿ ಗಬ್ಬದ ಕುರಿಗೆ ಬರೀ ಹುಲ್ಲು ಹಾಕುವುದನ್ನು ನೋಡಿದ್ದೇನೆ. ಈ ಒಂದೂವರೆ ತಿಂಗಳಾದರೂ ಅದನ್ನು ಕುರಿಗೆ ಬಿಡಿ.

ತಿಂಡಿಯನ್ನು ಮನೆಯಲ್ಲೇ ಬೆರೆಸಬಹುದು. ಹತ್ತು ಕೆಜಿಗೆ ನಾಲ್ಕೂವರೆ ಕೆಜಿ ಮುಸುಕಿನ ಜೋಳದ ನುಚ್ಚು, ಎರಡು ಕೆಜಿ ಶೇಂಗಾ ಹಿಂಡಿ, ಮೂರು ಕೆಜಿ 200 ಗ್ರಾಂ ಗೋಧಿ ಬೂಸಾ, 200 ಗ್ರಾಂ ಖನಿಜ ಮಿಶ್ರಣ, 100 ಗ್ರಾಂ ಉಪ್ಪು. ಹಿಂಡಿಯಲ್ಲಿ ಬೂಷ್ಟು ವಾಸನೆ ಇದ್ದರೆ ಬೇಡವೇ ಬೇಡ, ಅದರ ವಿಷವೂ ಈಲಿಗೇ ಹೊಡೆಯುತ್ತದೆ.

ಇಲ್ಲಿ ನನಗೆ ಭಯ ಇರುವುದು ಇನ್ನೊಂದು ಕಡೆ. ಒಂದು ಕುರಿ ಸತ್ತ ಗಾಬರಿಯಲ್ಲಿ ನಾಳೆಯಿಂದಲೇ ಎಲ್ಲಕ್ಕೂ ಅರ್ಧ ಕೆಜಿ ಜೋಳ ಸುರಿದೀರಿ. ಅಭ್ಯಾಸವಿಲ್ಲದ ಹೊಟ್ಟೆ ಹುಳಿಯಾಗಿ ಕುರಿ ಭೇದಿ ಹಿಡಿದು ಮೇವು ಬಿಡುತ್ತದೆ. ಮೇವು ಬಿಟ್ಟರೆ ಮತ್ತೆ ಗರ್ಭದ ನಂಜೇ. ಈಗ ಎಷ್ಟು ಹಾಕುತ್ತಿದ್ದೀರೋ ಅಲ್ಲಿಂದ ಮೂರು ನಾಲ್ಕು ದಿನಕ್ಕೊಮ್ಮೆ 50 ಗ್ರಾಂ ಏರಿಸಿ. ಒಂದೇ ಹೊತ್ತಿಗೆ ಹಾಕದೆ ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಮಾಡಿ. ತಿಂಡಿಗೆ ಮೊದಲು ಸ್ವಲ್ಪ ಹುಲ್ಲು ಹಾಕಿ. ಮುಂದಿನ ಸಲದಿಂದ ಗಬ್ಬವಾಗಿ 100 ದಿನ ಆದಾಗ 100 ಗ್ರಾಂನಿಂದ ಶುರುಮಾಡಿದರೆ ಕೊನೇ ತಿಂಗಳಿಗೆ ಆರಾಮಾಗಿ 350 ಮುಟ್ಟಬಹುದು.

ತಿಂಡಿ ಸರಿ ಇದ್ದೂ ಕಾಯಿಲೆ ಬರುವುದು ಉಪವಾಸ ಬಿದ್ದ ದಿನ. ಹಬ್ಬಕ್ಕೆ ಆಳು ಬರಲಿಲ್ಲ, ಮಳೆಗೆ ಮೇವು ನೆನೆಯಿತು, ಸಂತೆಯಿಂದ ಗಾಡಿಯಲ್ಲಿ ಬಂದವು, ಕಾಲು ಕೊಳೆತು ತೊಟ್ಟಿಯವರೆಗೆ ನಡೆಯಲಾಗಲಿಲ್ಲ, ಉಣ್ಣೆ ಕತ್ತರಿಸುವವರು ಬಂದಾಗ ಇಡೀ ದಿನ ಕೂಡಿಹಾಕಿದ್ದರು. ತುಂಬು ಗಬ್ಬದ ಕುರಿಗೆ ಇಂಥ ಒಂದು ದಿನವೇ ಸಾಕು. ಮಳೆಗಾಲಕ್ಕೆ ಮೊದಲೇ ಒಂದು ವಾರದ ಒಣ ಸೊಪ್ಪು, ಬಳ್ಳಿ ಮಾಳಿಗೆಯಲ್ಲಿ ಇಟ್ಟಿರಿ. ಕರುಳುಬೇನೆಯ ಲಸಿಕೆಯನ್ನು ಈಯುವುದಕ್ಕೆ ನಾಲ್ಕರಿಂದ ಆರು ವಾರ ಮುಂಚೆ ಹಾಕಿಸಿ ಮುಗಿಸಿ, ಆಮೇಲೆ ಅವನ್ನು ಹಿಡಿದು ಎಳೆದಾಡಬೇಡಿ.

ದಿನಾ ನೋಡಬೇಕಾದ್ದು ಒಂದೇ. ಬೆಳಿಗ್ಗೆ ತಿಂಡಿ ಸುರಿದು ಐದು ನಿಮಿಷ ಅಲ್ಲೇ ನಿಲ್ಲಿ. ನುಗ್ಗಿ ಬರದೆ ಹಿಂದೆ ಉಳಿದ ಕುರಿ ಯಾವುದು? ತಿಂಡಿ ಮೂಸಿ ಹುಲ್ಲಿಗೆ ಹೋದದ್ದು ಯಾವುದು? ಗರ್ಭದ ನಂಜಿನಲ್ಲಿ ಕುರಿ ಹೆಚ್ಚಾಗಿ ಮೊದಲು ತಿಂಡಿ ಬಿಡುತ್ತದೆ, ಹುಲ್ಲು ಆಮೇಲೆ. ಕಿವಿ ಜೋತು, ಗುಂಪು ಬಿಟ್ಟು ಬೇರೆ ಮಲಗುವ ಕುರಿಯನ್ನು ಈಯುವ ಹೊತ್ತಾಯಿತೇನೋ ಅಂತ ಬಿಟ್ಟುಬಿಡಬೇಡಿ. ಅವತ್ತೇ ಪಟ್ಟಿ ಹಾಕಿ. ತೆಳು ನೇರಳೆ ಬಂದರೂ ಗ್ಲೈಕಾಲ್ ಶುರುಮಾಡಿ ವೈದ್ಯರಿಗೆ ಹೇಳಿ. ಚೆನ್ನಾಗಿ ತಿನ್ನುತ್ತಿರುವ ಕುರಿಗಳಲ್ಲೂ ಮೂರು ನಾಲ್ಕನ್ನು ಆರಿಸಿ ಪರೀಕ್ಷೆ ಮಾಡಿಸಿದರೆ ಹಿಂಡಿಗೆ ಮೇವು ಸಾಲುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ರಕ್ತದ ಕೀಟೋನ್ ಮೀಟರ್ ಇರುವ ವೈದ್ಯರಾದರೆ 0.8 ದಾಟಿದ್ದನ್ನು ಮೇವು ಸಾಲದು ಅಂತಲೂ, 3 ದಾಟಿದ್ದನ್ನು ಕಾಯಿಲೆ ಅಂತಲೂ ಓದುತ್ತಾರೆ.

ಮುಂದಿನ ಸಲಕ್ಕೆ ಎರಡು ಕೆಲಸ. ಟಗರು ಬಿಡುವಾಗ ಅದರ ಎದೆಗೆ ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಬಳಿಯಿರಿ. ಹಾರಿದ ಕುರಿಯ ಬೆನ್ನ ಹಿಂಭಾಗಕ್ಕೆ ಬಣ್ಣ ಹತ್ತುತ್ತದೆ, ಕಿವಿಯ ನಂಬರ್ ನೋಡಿ ತಾರೀಕು ಬರೆದುಕೊಳ್ಳಿ. ಎರಡು ದಿನಕ್ಕೊಮ್ಮೆ ಮತ್ತೆ ಬಳಿಯಬೇಕು. ಆಮೇಲೆ 45ರಿಂದ 90 ದಿನದ ಒಳಗೆ ಸ್ಕ್ಯಾನಿಂಗ್ ಇರುವ ಕಡೆ ಒಂದು ಸಲ ತೋರಿಸಿ. ಒಂದೇ ಮರಿ ಇರುವವು, ಎರಡಿರುವವು ಬೇರೆಯಾದರೆ ದುಡ್ಡು ಕೊಟ್ಟು ತಂದ ಹಿಂಡಿ ಬೇಕಾದ ಬಾಯಿಗೇ ಹೋಗುತ್ತದೆ. ದಪ್ಪ ಕುರಿಗಳನ್ನು ಇಳಿಸುವುದಿದ್ದರೆ ಮರಿ ಹಾಲು ಬಿಟ್ಟ ಮೇಲೆ, ಟಗರು ಬಿಡುವ ಮುಂಚೆ ಇಳಿಸಿ.

ಈಗ ತಿಂಡಿ ಬಿಟ್ಟಿರುವ ಕುರಿ ತಿನ್ನಲು ಶುರುಮಾಡಿದರೂ ಈಯುವವರೆಗೆ ಅದನ್ನು ಬೇರೆ ಕಟ್ಟಿ, ಒಳ್ಳೆ ಸೊಪ್ಪನ್ನು ಬಾಯಿಗೆ ಎಟುಕುವ ಹಾಗೆ ನೇತುಹಾಕಿ, ಎರಡು ದಿನಕ್ಕೊಮ್ಮೆ ಪಟ್ಟಿ ಹಾಕುತ್ತಿರಿ. ಒಮ್ಮೆ ಬಿದ್ದದ್ದು ಅದೇ ಗಬ್ಬದಲ್ಲಿ ಮತ್ತೆ ಬೀಳಬಹುದು. ಉಳಿಯದೆ ಹೋದರೆ, ಔಷಧಿ ಹಾಕಿದ ಕುರಿಯ ಮಾಂಸವನ್ನು ತಿನ್ನಬೇಡಿ, ಮಾರಲೂ ಬೇಡಿ. ಸುಣ್ಣ ಹಾಕಿ ಹೂಳಿ.